ಉಪವಾಸದಲ್ಲಿ ಕ್ರಿಯಾಟಿನ್: ಸಹರಿಗೋ, ಇಫ್ತಾರ್‌ಗೋ?

ಮಡಗಾಂವ್‌ನಲ್ಲಿ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿರುವ ನಮ್ಮೂರ ಕಡೆಯ ಹುಡುಗನೊಬ್ಬ ರಮಝಾನಿನ ಮೂರನೇ ದಿನ ಮಧ್ಯಾಹ್ನ ಫೋನ್ ಮಾಡಿದ್ದ. ದನಿಯಲ್ಲಿ ಜೀವವೇ ಇರಲಿಲ್ಲ. ಬೆಳಿಗ್ಗೆಯಿಂದ ನಾಲ್ಕು ಸಲ ಬೇಧಿಯಾಗಿದೆ, ಗಂಟಲು ಒಣಗಿದೆ, ಅಂಗಡಿಯಲ್ಲಿ ನಿಲ್ಲಲು ಆಗುತ್ತಿಲ್ಲ. "ಇಚ್ಚಾ, ಸಹರಿಗೆ ತಿಂದ ಕೋಳಿ ಸಾರು ಹಾಳಾಗಿತ್ತೋ ಏನೋ" ಅಂದ. ಬೇರೇನು ತಗೊಂಡಿದ್ದೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಕ್ರಿಯಾಟಿನ್. ಎರಡು ಸ್ಕೂಪ್. ಬಾಂಗ್‌ಗೆ ಎರಡು ನಿಮಿಷ ಇರುವಾಗ. ಸಹರಿಗೆ ತಗೊಂಡ್ರೆ ದಿನವಿಡೀ ಪವರ್ ಇರ್ತದೆ ಅಂತ ಜಿಮ್‌ನಲ್ಲಿ ಹೇಳಿದ್ರು."

ಸಾರು ಹಾಳಾಗಿರಲಿಲ್ಲ. ಅದೇ ಸಾರು ತಿಂದ ಅವನ ರೂಮಿನ ಉಳಿದ ಮೂವರೂ ಚೆನ್ನಾಗಿದ್ದರು. ಎರಡು ಸ್ಕೂಪ್ ಅಂದರೆ ಹತ್ತು ಗ್ರಾಂ. ಅದನ್ನು ಅರ್ಧ ಲೋಟ ನೀರಿನಲ್ಲಿ ಕಲಕಿ, ಕರಗುವ ಮೊದಲೇ ನುಂಗಿದ್ದ. ಬೇಧಿಯಿಂದ ನೀರು ಹೋದ ಮೇಲೆ ಅದನ್ನು ತುಂಬಿಕೊಳ್ಳಲು ಸಂಜೆಯವರೆಗೆ ದಾರಿಯೇ ಇರಲಿಲ್ಲ. ನಿಲ್ಲಲಾಗದ ಸ್ಥಿತಿಗೆ ಬಂದಾಗ ಉಪವಾಸ ಬಿಟ್ಟು ಓಆರ್‌ಎಸ್ ಕುಡಿಯಬೇಕಾಯಿತು. ಅವನಿಗೆ ಹೊಟ್ಟೆನೋವಿಗಿಂತ ಆ ಒಂದು ನೋಂಬು ಹೋದದ್ದೇ ಹೆಚ್ಚು ಬೇಸರ.

ಈಗ ಊರಿನಲ್ಲೂ, ಗೋವಾದಲ್ಲಿ ದುಡಿಯುವ ನಮ್ಮ ಹುಡುಗರಲ್ಲೂ ಕ್ರಿಯಾಟಿನ್ ಡಬ್ಬಿ ಸಾಮಾನ್ಯವಾಗಿದೆ. ಅದು ಕಳ್ಳ ಔಷಧಿಯಲ್ಲ, ಸ್ಟೀರಾಯ್ಡ್ ಅಲ್ಲ. ಆರೋಗ್ಯವಂತ ವಯಸ್ಕರಿಗೆ ಸರಿಯಾದ ಪ್ರಮಾಣದಲ್ಲಿ ಸುರಕ್ಷಿತ ಎಂದು ಸಾಕಷ್ಟು ಅಧ್ಯಯನಗಳಾಗಿರುವ ಕೆಲವೇ ಜಿಮ್ ಪೌಡರ್‌ಗಳಲ್ಲಿ ಇದೂ ಒಂದು. ಆದರೆ ಉಪವಾಸದ ತಿಂಗಳಲ್ಲಿ ಅದನ್ನು ಯಾವಾಗ ತಗೊಳ್ಳಬೇಕು ಎಂಬ ಬಗ್ಗೆ ಓಡಾಡುವ ಮಾತುಗಳಲ್ಲಿ ಅರ್ಧಕ್ಕಿಂತ ಹೆಚ್ಚು ತಪ್ಪು. ತಪ್ಪಿನ ಬೇರು ಒಂದೇ: ಕ್ರಿಯಾಟಿನ್ ಅನ್ನು ನಾವು ಚಹಾದ ಹಾಗೆ ಅಂದುಕೊಂಡಿದ್ದೇವೆ. ಕುಡಿದರೆ ಉಲ್ಲಾಸ, ನಾಲ್ಕು ಗಂಟೆ ಕಳೆದರೆ ಇಳಿತ.

ಅದು ಹಾಗೆ ಕೆಲಸ ಮಾಡುವುದೇ ಇಲ್ಲ.

ಟ್ಯಾಂಕಿಯ ಲೆಕ್ಕ

ನಮ್ಮ ದೇಹದಲ್ಲಿ ಈಗಾಗಲೇ ಕ್ರಿಯಾಟಿನ್ ಇದೆ. ಸುಮಾರು 70 ಕೆಜಿ ತೂಕದ ಗಂಡಸಿನ ದೇಹದಲ್ಲಿ ಅಂದಾಜು 120 ಗ್ರಾಂ. ಅದರಲ್ಲಿ ಶೇ. 95ರಷ್ಟು ಮಾಂಸಖಂಡಗಳ ಒಳಗೇ ಇರುತ್ತದೆ. ಭಾರ ಎತ್ತುವಾಗ, ಮೆಟ್ಟಿಲು ಓಡಿ ಹತ್ತುವಾಗ, ಮೊದಲ ಕೆಲವು ಸೆಕೆಂಡುಗಳ ಬಲಕ್ಕೆ ಸ್ನಾಯು ಬಳಸುವುದು ಈ ಸಂಗ್ರಹವನ್ನು. ಇದರಿಂದ ದಿನಕ್ಕೆ ಸುಮಾರು 2 ಗ್ರಾಂ ಕ್ರಿಯಾಟಿನಿನ್ ಎಂಬ ತ್ಯಾಜ್ಯವಾಗಿ ಬದಲಾಗಿ ಮೂತ್ರದಲ್ಲಿ ಹೋಗುತ್ತದೆ. ಹೆಸರು ಒಂದೇ ತರ ಕೇಳಿದರೂ ಕ್ರಿಯಾಟಿನ್ ಬೇರೆ, ಕ್ರಿಯಾಟಿನಿನ್ ಬೇರೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಹೋದ 2 ಗ್ರಾಂನಲ್ಲಿ ಅಂದಾಜು ಅರ್ಧದಷ್ಟನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಉಳಿದದ್ದು ನಾವು ತಿನ್ನುವ ಮೀನು ಮಾಂಸದಿಂದ ಬರುತ್ತದೆ.

ಮನೆಯ ಮೇಲಿನ ನೀರಿನ ಟ್ಯಾಂಕಿ ಕಣ್ಣ ಮುಂದೆ ತಂದುಕೊಳ್ಳಿ. ಸಾಮಾನ್ಯ ಊಟ ಮಾಡುವವರಲ್ಲಿ ಆ ಟ್ಯಾಂಕಿ ಪೂರ್ತಿ ತುಂಬಿರುವುದಿಲ್ಲ. ಡಬ್ಬಿಯ ಪೌಡರ್ ಮಾಡುವುದು ಉಳಿದ ಜಾಗವನ್ನು ತುಂಬುವ ಕೆಲಸ. ತುಂಬಿದ ಮೇಲೆ ದಿನವೂ ಸೋರುವ ಎರಡು ಗ್ರಾಂ ಮರಳಿ ಹಾಕಿದರೆ ಸಾಕು. ಇವತ್ತು ಬೆಳಿಗ್ಗೆ ಪಂಪ್ ಹಾಕಿದಿರೋ, ರಾತ್ರಿ ಹಾಕಿದಿರೋ, ನಾಳೆ ನಲ್ಲಿ ತಿರುಗಿಸಿದಾಗ ಬರುವ ನೀರಿಗೆ ಅದು ಗೊತ್ತಾಗುವುದಿಲ್ಲ.

ತುಂಬಲು ಎರಡು ದಾರಿಗಳಿವೆ. ಒಂದು, ಜಿಮ್‌ಗಳಲ್ಲಿ 'ಲೋಡಿಂಗ್' ಎನ್ನುವುದು: ದಿನಕ್ಕೆ 20 ಗ್ರಾಂ, ನಾಲ್ಕು ಭಾಗ ಮಾಡಿ, ಐದಾರು ದಿನ. ಇನ್ನೊಂದು ನಿಧಾನದ ದಾರಿ: ದಿನಕ್ಕೆ 3 ಗ್ರಾಂ. 1996ರಲ್ಲಿ ಸ್ವೀಡನ್ನಿನ ಹುಲ್ಟ್‌ಮನ್ ಮತ್ತು ಸಂಗಡಿಗರು ಎರಡನ್ನೂ ಹೋಲಿಸಿ ನೋಡಿದರು. ದಿನಕ್ಕೆ ಬರೀ 3 ಗ್ರಾಂ ತಗೊಂಡವರ ಸ್ನಾಯುಗಳೂ 28 ದಿನಗಳಲ್ಲಿ ಲೋಡಿಂಗ್ ಮಾಡಿದವರ ಮಟ್ಟಕ್ಕೇ ಬಂದು ನಿಂತವು.

ಇಪ್ಪತ್ತೆಂಟು ದಿನ. ಹೆಚ್ಚು ಕಡಿಮೆ ಒಂದು ರಮಝಾನ್. ಅಂದರೆ ಮೊದಲ ನೋಂಬಿನಿಂದ ದಿನಕ್ಕೊಂದು ಸಣ್ಣ ಡೋಸ್ ತಗೊಳ್ಳುತ್ತಾ ಹೋದವನ ಟ್ಯಾಂಕಿ ಪೆರ್ನಾಲ್ ಹೊತ್ತಿಗೆ ತಾನಾಗಿಯೇ ತುಂಬಿರುತ್ತದೆ. ಉಪವಾಸದ ನಡುವೆ 20 ಗ್ರಾಂ ಸುರಿದುಕೊಳ್ಳುವ ಅಗತ್ಯ ಎಲ್ಲಿದೆ?

ಇನ್ನೊಂದು ಹೆದರಿಕೆ ಇದಕ್ಕೆ ಉಲ್ಟಾ. ಶಅಬಾನ್‌ವರೆಗೆ ನಿಯಮಿತವಾಗಿ ತಗೊಂಡವರು ರಮಝಾನಿನಲ್ಲಿ ಒಂದೆರಡು ದಿನ ತಪ್ಪಿದರೆ ಎಲ್ಲ ಹೋಯಿತು ಎಂದು ಚಿಂತೆ ಮಾಡುತ್ತಾರೆ. ಪೂರ್ತಿ ನಿಲ್ಲಿಸಿದರೂ ಸ್ನಾಯುಗಳ ಮಟ್ಟ ಹಳೆಯ ಸ್ಥಿತಿಗೆ ಇಳಿಯಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ತರಾವೀಹ್ ಮುಗಿಸಿ ಸುಸ್ತಾಗಿ ಹಾಗೆಯೇ ಮಲಗಿದ ಒಂದು ರಾತ್ರಿಯಿಂದ ಏನೂ ಆಗುವುದಿಲ್ಲ. ಮರುದಿನ ಎರಡು ಪಟ್ಟು ತಗೊಂಡು ಸರಿದೂಗಿಸುವುದೂ ಬೇಡ.

ಗೋವಾದ ಹದಿಮೂರು ಗಂಟೆ

ಸಮಯ ಮುಖ್ಯವಲ್ಲ ಎಂದಾದರೆ ಸಹರಿಗೆ ತಗೊಂಡರೇನು ತಪ್ಪು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಸ್ನಾಯುಗಳಿಗೆ ಯಾವ ಹೊತ್ತಾದರೂ ಒಂದೇ. ಆದರೆ ಹೊಟ್ಟೆಗೆ ಮತ್ತು ನೀರಿನ ಲೆಕ್ಕಕ್ಕೆ ಹಾಗಲ್ಲ.

ಫೆಬ್ರವರಿ ಕೊನೆಯ ವಾರದ ಗೋವಾ ತಗೊಳ್ಳಿ. ಸುಬಹ್ ಬಾಂಗ್ ಬೆಳಿಗ್ಗೆ 5.40ರ ಆಸುಪಾಸು, ಮಗ್ರಿಬ್ ಸಂಜೆ 6.40ರ ಆಸುಪಾಸು. ಹದಿಮೂರು ಗಂಟೆ ಒಂದು ಹನಿ ನೀರಿಲ್ಲ. ಮಾರ್ಚ್ ಬಂದಂತೆ ಹಗಲು ಇನ್ನೂ ಸ್ವಲ್ಪ ಉದ್ದವಾಗುತ್ತದೆ. ಜತೆಗೆ ಕರಾವಳಿಯ ಸೆಕೆ, ನಿಂತಲ್ಲೇ ಬೆವರು. ಅಂಗಡಿಯಲ್ಲಿ ಕೂರುವವರಿಗೆ ಫ್ಯಾನ್ ಆದರೂ ಇರುತ್ತದೆ. ಹೋಟೆಲ್ ಅಡುಗೆಮನೆಯಲ್ಲಿ ನಿಲ್ಲುವವರ, ಬಿಸಿಲಲ್ಲಿ ಬೈಕ್ ಮೇಲೆ ಡೆಲಿವರಿ ಮಾಡುವವರ ಪಾಡು ಬೇರೆ.

ಕ್ರಿಯಾಟಿನ್ ಸ್ನಾಯುವಿನೊಳಗೆ ಹೋಗುವಾಗ ಜತೆಗೆ ನೀರನ್ನೂ ಒಯ್ಯುತ್ತದೆ. ಲೋಡಿಂಗ್ ಮಾಡಿದವರ ತೂಕ ಮೊದಲ ವಾರದಲ್ಲೇ ಒಂದೆರಡು ಕೆಜಿ ಏರುವುದು ಇದರಿಂದ. ಅದು ಹೊಸ ಮಾಂಸವಲ್ಲ, ನೀರು. ಇದನ್ನು ಕೇಳಿದ ಕೂಡಲೇ ಕೆಲವರು "ಹಾಗಾದ್ರೆ ಕ್ರಿಯಾಟಿನ್ ತಗೊಂಡವನಿಗೆ ಬೇಗ ಬಾಯಾರಿಕೆ, ಸ್ನಾಯು ಸೆಳೆತ" ಎಂದುಬಿಡುತ್ತಾರೆ. ಸೆಕೆಯಲ್ಲಿ ವ್ಯಾಯಾಮ ಮಾಡಿಸಿ ನೋಡಿದ ಅಧ್ಯಯನಗಳಲ್ಲಿ ಅಂಥದ್ದೇನೂ ಕಂಡಿಲ್ಲ. ದೇಹದ ಬಿಸಿ ಹೆಚ್ಚಲಿಲ್ಲ, ಸೆಳೆತವೂ ಹೆಚ್ಚಲಿಲ್ಲ. ಆದರೆ ಆ ಅಧ್ಯಯನಗಳನ್ನು ನಮ್ಮ ನೋಂಬಿನ ದಿನಕ್ಕೆ ಹಾಗೆಯೇ ತಂದು ಅಂಟಿಸಬಾರದು. ಸೆಕೆಯಲ್ಲಿ ಒಂದೆರಡು ಗಂಟೆ ಬೆವರುವುದು ಒಂದು, ಹದಿಮೂರು ಗಂಟೆ ನೀರಿಲ್ಲದೆ ಇರುವುದು ಇನ್ನೊಂದು. ಹಾಗಾಗಿ ನನ್ನ ಸಲಹೆ ಸರಳ: ಡೋಸ್ ಆದ ಮೇಲೆ ಕೆಲವು ಗಂಟೆಯಾದರೂ ನೀರು ಕುಡಿಯುವ ಅವಕಾಶ ಇರುವ ಹೊತ್ತನ್ನೇ ಆರಿಸಿ. ಆ ಹೊತ್ತು ರಾತ್ರಿಯದ್ದು, ಸಹರಿಯದ್ದಲ್ಲ.

ಹೊಟ್ಟೆಯ ವಿಷಯ ಇನ್ನೂ ನೇರ. ಒಂದೇ ಸಲಕ್ಕೆ 10 ಗ್ರಾಂ ತಗೊಂಡವರಲ್ಲಿ, ಅದನ್ನೇ 5 ಗ್ರಾಂನಂತೆ ಎರಡು ಸಲ ಮಾಡಿ ತಗೊಂಡವರಿಗಿಂತ ಬೇಧಿ ಹೆಚ್ಚು ಎಂದು ಫುಟ್ಬಾಲ್ ಆಟಗಾರರ ಮೇಲೆ ನಡೆದ ಅಧ್ಯಯನದಲ್ಲಿ ಕಂಡಿದೆ. ಕರಗದೆ ಉಳಿದ ಪೌಡರ್ ಕರುಳಿಗೆ ಇಳಿದರೆ ಅಲ್ಲಿಗೆ ನೀರನ್ನು ಎಳೆದುಕೊಳ್ಳುತ್ತದೆ. ರಾತ್ರಿ ಹೀಗಾದರೆ ಎರಡು ಲೋಟ ನೀರು, ಓಆರ್‌ಎಸ್ ಕುಡಿದು ಸುಧಾರಿಸಿಕೊಳ್ಳಬಹುದು. ಬೆಳಿಗ್ಗೆ ಏಳಕ್ಕೆ ಆದರೆ ಆ ಹುಡುಗನಿಗಾದ ಗತಿ.

ಹಾಗಂತ ಸಹರಿಗೆ ತಗೊಳ್ಳಲೇಬಾರದು ಎಂದಲ್ಲ. ರಾತ್ರಿ ಮರೆತುಹೋಯಿತು, ಅಥವಾ ರಾತ್ರಿ ಪಾಳಿಯ ಕೆಲಸ, ಸರಿಯಾದ ಊಟವೇ ಸಹರಿಯಲ್ಲಿ ಎಂದಾದರೆ 3 ಗ್ರಾಂ ಸಾಕು. ಬಾಂಗ್‌ಗೆ ಮುಕ್ಕಾಲು ಗಂಟೆ ಮುಂಚೆ, ಊಟದ ಜತೆ, ಪೂರ್ತಿ ಕರಗಿಸಿ, ಆಮೇಲೆ ಇನ್ನೊಂದು ಲೋಟ ನೀರು. ಮೊದಲ ಸಲ ಕ್ರಿಯಾಟಿನ್ ಮುಟ್ಟುವವರು ಮಾತ್ರ ಈ ಪ್ರಯೋಗವನ್ನು ಸಹರಿಯಲ್ಲಿ ಮಾಡಬೇಡಿ. ನಿಮ್ಮ ಹೊಟ್ಟೆ ಅದನ್ನು ಹೇಗೆ ತಡೆದುಕೊಳ್ಳುತ್ತದೆ ಎಂದು ನಿಮಗೇ ಇನ್ನೂ ಗೊತ್ತಿಲ್ಲವಲ್ಲ.

ಖರ್ಜೂರದ ಜತೆಗೋ, ಊಟದ ಜತೆಗೋ?

ಇಫ್ತಾರಿನಿಂದ ಮಲಗುವವರೆಗೆ ನಾಲ್ಕೈದು ಗಂಟೆ ಸಿಗುತ್ತದೆ. ಅದರಲ್ಲಿ ಯಾವಾಗ?

ಸಿಹಿ ಅಥವಾ ಅನ್ನ ರೊಟ್ಟಿಯಂಥ ಪಿಷ್ಟದ ಆಹಾರದ ಜತೆ ತಗೊಂಡಾಗ ಕ್ರಿಯಾಟಿನ್ ಸ್ನಾಯುಗಳಲ್ಲಿ ಹೆಚ್ಚು ಉಳಿಯುತ್ತದೆ ಎಂಬುದು 1990ರ ದಶಕದಿಂದಲೇ ಗೊತ್ತಿರುವ ವಿಷಯ. ಊಟವಾದಾಗ ಏರುವ ಇನ್ಸುಲಿನ್ ಅದನ್ನು ಸ್ನಾಯುವಿನೊಳಗೆ ತಳ್ಳಲು ನೆರವಾಗುತ್ತದೆ. ಆಗಿನ ಅಧ್ಯಯನದಲ್ಲಿ ಪ್ರತಿ 5 ಗ್ರಾಂ ಕ್ರಿಯಾಟಿನ್ ಜತೆ 90 ಗ್ರಾಂಗೂ ಹೆಚ್ಚು ಸಕ್ಕರೆ ಅಂಶ ಕುಡಿಸಿದ್ದರು. ಅಷ್ಟೊಂದು ಸಿಹಿಯನ್ನು ಬೇಕೆಂದೇ ಯಾರೂ ಕುಡಿಯಬೇಕಿಲ್ಲ. ನಮ್ಮ ಇಫ್ತಾರ್ ಮತ್ತು ರಾತ್ರಿಯ ಊಟ ಸೇರಿದರೆ ಖರ್ಜೂರ, ಶರಬತ್ತು, ಗಂಜಿ, ಪತ್ತಿರ್, ಅನ್ನ ಎಂದು ಅದು ಹೇಗೂ ಹೊಟ್ಟೆ ಸೇರುತ್ತದೆ. ಜಿಮ್‌ನವರು ಮಾರುವ, ಸಕ್ಕರೆ ಬೆರೆಸಿದ ದುಬಾರಿ ಕ್ರಿಯಾಟಿನ್‌ಗೆ ದುಡ್ಡು ಸುರಿಯುವ ಮೊದಲು ಇದನ್ನು ಯೋಚಿಸಿ. ಇನ್ನೂ ಒಂದು ಮಾತು: ಊಟದ ಈ ಸಹಾಯ ಟ್ಯಾಂಕಿ ತುಂಬುವ ವೇಗಕ್ಕೆ ಮಾತ್ರ. ತುಂಬಿದ ಮೇಲೆ ಅದರಿಂದ ದೊಡ್ಡ ಲಾಭವೇನಿಲ್ಲ.

ನಾನು ಹೇಳುವುದಾದರೆ, ಖರ್ಜೂರ ಬಾಯಿಗಿಟ್ಟ ಕೂಡಲೇ ಬೇಡ. ಹದಿಮೂರು ಗಂಟೆ ಖಾಲಿಯಿದ್ದ ಹೊಟ್ಟೆಗೆ ಮೊದಲು ನೀರು ಹೋಗಲಿ, ಸ್ವಲ್ಪ ತಿಂಡಿ ಹೋಗಲಿ. ದೊಡ್ಡ ಊಟ ಯಾವಾಗಲೋ ಆಗ ತಗೊಳ್ಳಿ. ಕೆಲವು ಮನೆಗಳಲ್ಲಿ ಅದು ಮಗ್ರಿಬ್ ನಮಾಝ್ ಮುಗಿದ ಕೂಡಲೇ, ಕೆಲವರಲ್ಲಿ ತರಾವೀಹ್ ನಂತರ.

ವ್ಯಾಯಾಮದ ಮೊದಲೋ ನಂತರವೋ ಎಂಬ ಚರ್ಚೆಯಂತೂ ಮುಗಿಯುವುದೇ ಇಲ್ಲ. 2013ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ 19 ಯುವಕರ ಮೇಲೆ ನಾಲ್ಕು ವಾರ ಇದನ್ನು ನೋಡಿದ್ದರು. ವ್ಯಾಯಾಮದ ನಂತರ ತಗೊಂಡವರಿಗೆ ಕೂದಲೆಳೆಯಷ್ಟು ಲಾಭ ಕಂಡಂತಿತ್ತು. ಆದರೆ ಇಷ್ಟು ಸಣ್ಣ ಗುಂಪಿನಲ್ಲಿ, ಅಷ್ಟು ಸಣ್ಣ ಅಂತರವನ್ನು ನಂಬಿ ದಿನಚರಿ ಬದಲಿಸುವಂಥದ್ದೇನೂ ಇಲ್ಲ. ನಮ್ಮ ಲೆಕ್ಕದಲ್ಲಿ ಅದೃಷ್ಟಕ್ಕೆ ಎರಡೂ ಒಂದೇ ಕಡೆ ಸೇರುತ್ತವೆ. ಇಫ್ತಾರಿಗೆ ಒಂದು ಗಂಟೆ ಮುಂಚೆ ಜಿಮ್‌ಗೆ ಹೋಗುವವನಿಗೆ ನಂತರದ ಊಟ ಇಫ್ತಾರಿನದ್ದು. ತರಾವೀಹ್ ಆದ ಮೇಲೆ ಹೋಗುವವನಿಗೆ ನಂತರದ ಊಟ ರಾತ್ರಿಯದ್ದು. ಎರಡರಲ್ಲೂ ಡೋಸ್ ಆ ಊಟದ ಜತೆಗೇ.

ವ್ಯಾಯಾಮದ ಹೊತ್ತಿನ ಬಗ್ಗೆಯೂ ಒಂದು ಮಾತು. ಟ್ಯುನೀಶಿಯಾದ ಬಾಡಿಬಿಲ್ಡರ್‌ಗಳನ್ನು ರಮಝಾನ್ ಪೂರ್ತಿ ಗಮನಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಗಿತ್ತು. ಒಂದು ಗುಂಪು ಉಪವಾಸದಲ್ಲೇ ಸಂಜೆ ಕಸರತ್ತು ಮಾಡಿತು, ಇನ್ನೊಂದು ಗುಂಪು ಉಪವಾಸ ಬಿಟ್ಟ ಮೇಲೆ. ತಿಂಗಳ ಕೊನೆಗೆ ತೂಕದಲ್ಲಾಗಲಿ ಕೊಬ್ಬಿನ ಪ್ರಮಾಣದಲ್ಲಾಗಲಿ ವ್ಯತ್ಯಾಸ ಸಿಗಲಿಲ್ಲ. ಆದರೆ ಉಪವಾಸದಲ್ಲಿ ಮಾಡಿದವರ ಪರೀಕ್ಷೆಗಳಲ್ಲಿ ನೀರಿನ ಕೊರತೆಯ ಗುರುತುಗಳು ಕಂಡವು. ಇಲ್ಲಿನ ಸೆಕೆಯಲ್ಲಿ ಇದು ಇನ್ನಷ್ಟು ಯೋಚಿಸಬೇಕಾದ ವಿಷಯ.

ಒಂದು ರಾತ್ರಿಯ ಲೆಕ್ಕ

ಅದೇ ಹುಡುಗ ನಾಲ್ಕು ದಿನ ಬಿಟ್ಟು ಮತ್ತೆ ಶುರು ಮಾಡಿದ. ಅವನ ತೂಕ 68 ಕೆಜಿ. ಅಂಗಡಿಯಲ್ಲಿ ಇಫ್ತಾರ್, ರಾತ್ರಿ ರೂಮಿಗೆ ಹೋಗಿ ಊಟ. ಕೂತು ಬರೆದುಕೊಂಡ ಲೆಕ್ಕ ಇದು.

6.40ಕ್ಕೆ ಮೂರು ಖರ್ಜೂರ, ಎರಡು ಲೋಟ ನೀರು. ಮಗ್ರಿಬ್ ಆದ ಮೇಲೆ ಒಂದು ಬಟ್ಟಲು ಗಂಜಿ, ಹಣ್ಣು. ಕರಿದ ಸಮೋಸ ಬಿಡು ಎಂದು ಹೇಳಿದೆ. ಬಿಟ್ಟನೋ ಇಲ್ಲವೋ ಗೊತ್ತಿಲ್ಲ. ಇಶಾ, ತರಾವೀಹ್ ಮುಗಿಯುವಾಗ 9.30. ಮಸೀದಿಯಿಂದ ಹೊರಬಂದು ಒಂದು ಲೋಟ ನೀರು. 10ರಿಂದ 10.45ರವರೆಗೆ ಜಿಮ್, ಅಲ್ಲಿ ಅರ್ಧ ಲೀಟರ್ ಬಾಟಲಿ ಖಾಲಿ. 11ಕ್ಕೆ ರೂಮಿನಲ್ಲಿ ಊಟ: ಅನ್ನ, ಬಂಗುಡೆ ಸಾರು, ಮೊಟ್ಟೆ. ಊಟದ ಜತೆ 3 ಗ್ರಾಂ ಕ್ರಿಯಾಟಿನ್, ಒಂದು ದೊಡ್ಡ ಲೋಟ ನೀರಿನಲ್ಲಿ. ಮಲಗುವ ಮೊದಲು ಮತ್ತೊಂದು ಲೋಟ. 4.50ಕ್ಕೆ ಎದ್ದು ಸಹರಿ, ಎರಡು ಲೋಟ ನೀರು, ಬಾಂಗ್‌ಗೆ ಸ್ವಲ್ಪ ಮುಂಚೆ ಅರ್ಧ ಲೋಟ. 250 ಎಂಎಲ್ ಲೋಟದ ಲೆಕ್ಕದಲ್ಲಿ ಒಟ್ಟು ಎರಡೂವರೆ ಲೀಟರ್ ಹತ್ತಿರ. ಗಂಜಿ, ಸಾರು, ಹಣ್ಣಿನ ನೀರು ಬೇರೆ.

ಈ ಲೆಕ್ಕದಲ್ಲಿ ಕ್ರಿಯಾಟಿನ್‌ಗೆ ಹಿಡಿದದ್ದು ಒಂದೇ ಸಾಲು, ನೀರಿಗೆ ಹಿಡಿದದ್ದು ಉಳಿದೆಲ್ಲ ಸಾಲು. ಸರಿಯಾಗಿ ಕುಡಿಯುತ್ತಿದ್ದೇವೋ ಎಂದು ತಿಳಿಯಲು ಸುಲಭ ದಾರಿ ಮೂತ್ರದ ಬಣ್ಣ. ಮಲಗುವ ಮೊದಲು ಅದು ತಿಳಿ ಹಳದಿಯಾಗಿರಬೇಕು. ಅಸರ್ ಹೊತ್ತಿಗೆ ಕಡು ಹಳದಿಯಾಗುವುದು ಉಪವಾಸದಲ್ಲಿ ಸಹಜ. ಆದರೆ ರಾತ್ರಿ ಮಲಗುವಾಗಲೂ ಕಡುವಾಗಿಯೇ ಇದ್ದರೆ ಆ ದಿನ ಕ್ರಿಯಾಟಿನ್ ಬಿಟ್ಟು ನೀರು ಕುಡಿಯಿರಿ. ಭಾರೀ ಕಸರತ್ತಿನ ನಂತರ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿ, ಮೈಕೈ ವಿಪರೀತ ನೋವು, ಊತ ಇದ್ದರೆ ಅದು ಮನೆಯಲ್ಲಿ ನೋಡುವ ಕೇಸ್ ಅಲ್ಲ. ಸ್ನಾಯು ಒಡೆದು ಮೂತ್ರಪಿಂಡಕ್ಕೆ ಹೊರೆಯಾಗಿರಬಹುದು. ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಮೂರು ಗ್ರಾಂ ಅಳೆಯುವುದು ಹೇಗೆ? ಡಬ್ಬಿಯೊಳಗಿನ ಸ್ಕೂಪ್ ಸಾಮಾನ್ಯವಾಗಿ 3ರಿಂದ 5 ಗ್ರಾಂನದ್ದು, ಲೇಬಲ್ ಓದಿ. ಸ್ಕೂಪ್ ಕಳೆದುಹೋದರೆ ಸಣ್ಣ ಚಹಾ ಚಮಚ, ಸಮತಟ್ಟಾಗಿ, ಗೋಪುರ ಮಾಡದೆ. ದಿನಕ್ಕೆ 5 ಗ್ರಾಂ ದಾಟದಿದ್ದರೆ ಒಂದು ಗ್ರಾಂ ಆಚೀಚೆ ಆದರೂ ತೊಂದರೆಯಿಲ್ಲ. ತಣ್ಣೀರಿನಲ್ಲಿ ಇದು ಬೇಗ ಕರಗುವುದಿಲ್ಲ. ಫ್ರಿಡ್ಜ್ ನೀರು ಬೇಡ, ಉಗುರು ಬೆಚ್ಚಗಿನ ನೀರು ಒಳ್ಳೆಯದು. ತಳದಲ್ಲಿ ಮರಳಿನಂತೆ ಉಳಿದದ್ದಕ್ಕೆ ಇನ್ನಷ್ಟು ನೀರು ಹಾಕಿ ಕಲಕಿ ಕುಡಿಯಿರಿ. ಒಣ ಪೌಡರ್ ಬಾಯಿಗೆ ಸುರಿದು ನೀರು ಕುಡಿಯುವ ರೀಲ್ಸ್ ಚಟ ಯಾವ ಕಾಲಕ್ಕೂ ಬೇಡ. ಗೋವಾದ ಹವೆಗೆ ಡಬ್ಬಿಯೊಳಗೆ ಪೌಡರ್ ಗಂಟು ಕಟ್ಟುತ್ತದೆ. ಅಷ್ಟಕ್ಕೇ ಹಾಳಾಯಿತು ಎಂದಲ್ಲ, ಒಣ ಚಮಚದಲ್ಲಿ ಪುಡಿ ಮಾಡಿಕೊಂಡರೆ ಆಯಿತು. ನಿಂಬೆ ಶರಬತ್ತಿನಲ್ಲಿ ಕಲಸಿ ದಿನಗಟ್ಟಲೆ ಇಟ್ಟರೆ ಮಾತ್ರ ಹುಳಿಗೆ ಅದು ನಿಧಾನವಾಗಿ ಒಡೆದು ಕ್ರಿಯಾಟಿನಿನ್ ಆಗುತ್ತದೆ. ಕಲಸಿದ್ದನ್ನು ಆಗಲೇ ಕುಡಿದುಬಿಡಿ.

ಆ ಹುಡುಗನಿಗೆ ಮತ್ತೆ ಹೊಟ್ಟೆ ಕೆಡಲಿಲ್ಲ. ತೂಕ ಏರಲೇ ಇಲ್ಲವಲ್ಲ ಎಂದು ಎರಡನೇ ವಾರದಲ್ಲಿ ಅವನ ದೂರು. ಮೂರು ಗ್ರಾಂನ ನಿಧಾನದ ದಾರಿಯಲ್ಲಿ ತೂಕ ಒಮ್ಮೆಲೇ ಏರುವುದಿಲ್ಲ. ಮೇಲಾಗಿ ರಮಝಾನಿನಲ್ಲಿ ಹಲವರ ತೂಕ ಸ್ವಲ್ಪ ಇಳಿಯುವುದೂ ಇದೆ. ತಕ್ಕಡಿ ನೋಡಬೇಡ, ಎತ್ತುವ ಭಾರ ಉಳಿದಿದೆಯಾ ನೋಡು ಎಂದೆ.

ಡಾಕ್ಟರ್ ಹೆದರಿಸಿದ ರಿಪೋರ್ಟ್

ಈಗ ಮೊದಲು ನೆನಪಿಡಿ ಎಂದ ಹೆಸರಿಗೆ ಬರೋಣ. ಮೂತ್ರಪಿಂಡ ಹೇಗಿದೆ ಎಂದು ನೋಡಲು ಲ್ಯಾಬ್‌ನವರು ರಕ್ತದಲ್ಲಿ ಅಳೆಯುವುದು ಕ್ರಿಯಾಟಿನಿನ್. ಕ್ರಿಯಾಟಿನ್ ತಗೊಳ್ಳುವವನ ದೇಹದಲ್ಲಿ ಅದು ಸ್ವಲ್ಪ ಹೆಚ್ಚು ತಯಾರಾಗುತ್ತದೆ. ಹಿಂದಿನ ರಾತ್ರಿ ಬೀಫ್ ಬಿರಿಯಾನಿ ತಿಂದಿದ್ದರೆ, ಜಿಮ್‌ನಲ್ಲಿ ಬೆವರಿಳಿಸಿದ್ದರೆ, ಮೇಲೆ ಉಪವಾಸದಲ್ಲಿ ನೀರು ಕಡಿಮೆಯಾಗಿದ್ದರೆ, ಎಲ್ಲವೂ ಸೇರಿ ರಿಪೋರ್ಟಿನ ಅಂಕಿ ಗೆರೆ ದಾಟಿ ನಿಲ್ಲಬಹುದು. ಗಲ್ಫ್ ವೀಸಾ ಮೆಡಿಕಲ್‌ಗೋ, ಕೆಲಸದ ಮೆಡಿಕಲ್‌ಗೋ ರಮಝಾನಿನಲ್ಲೇ ರಕ್ತ ಕೊಡುವವರು ಇದನ್ನು ತಿಳಿದಿರಬೇಕು. ಡಬ್ಬಿಯ ವಿಷಯ ಡಾಕ್ಟರ್‌ಗೆ ಮುಚ್ಚಿಡಬೇಡಿ. ಹೇಳಿದರೆ ಅವರು ಕೆಲವು ವಾರ ನಿಲ್ಲಿಸಿ ಮತ್ತೊಮ್ಮೆ ನೋಡಬಹುದು, ಅಥವಾ ಸಿಸ್ಟಾಟಿನ್ ಸಿ ಎಂಬ ಬೇರೆ ಪರೀಕ್ಷೆ ಬರೆದುಕೊಡಬಹುದು. ಅದರ ಮೇಲೆ ಕ್ರಿಯಾಟಿನ್ ಪೌಡರಿನ ಪ್ರಭಾವ ಇರುವುದಿಲ್ಲ.

ಇದರ ಇನ್ನೊಂದು ಮುಖವೂ ಇದೆ. "ಅದು ಪೌಡರ್‌ನಿಂದ ಏರಿದ್ದು ಬಿಡಿ" ಎಂದು ನಿಜವಾದ ಕಾಯಿಲೆಯನ್ನು ತಳ್ಳಿಹಾಕುವವರೂ ಇದ್ದಾರೆ. ನಿಲ್ಲಿಸಿ ತಿಂಗಳಾದ ಮೇಲೂ ಅಂಕಿ ಇಳಿಯದಿದ್ದರೆ, ಮೂತ್ರದಲ್ಲಿ ಪ್ರೊಟೀನ್ ಹೋಗುತ್ತಿದ್ದರೆ, ಅದು ಪೌಡರ್ ಅಲ್ಲ. ಮೂತ್ರಪಿಂಡದ ಕಾಯಿಲೆ ಇರುವವರು, ಒಂದೇ ಮೂತ್ರಪಿಂಡ ಇರುವವರು, ಬಹುಕಾಲದಿಂದ ಶುಗರ್, ಬಿಪಿ ಇರುವವರು ಡಾಕ್ಟರ್ ಒಪ್ಪದೆ ಇದನ್ನು ಮುಟ್ಟಬಾರದು, ಉಪವಾಸ ಇರಲಿ ಇಲ್ಲದಿರಲಿ. ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ, ಹದಿನೆಂಟು ತುಂಬದ ಮಕ್ಕಳಿಗೂ ತಾವಾಗಿ ಶುರುಮಾಡುವುದು ಬೇಡ. ಉಳಿದಂತೆ ಹೆಣ್ಣುಮಕ್ಕಳಿಗೂ ಇದೇ ಪ್ರಮಾಣ, ಇದೇ ಹೊತ್ತು.

ಹಲಾಲ್ ಬಗ್ಗೆ ಕೇಳುವವರು ಬಹಳ. ಮಾಂಸದಲ್ಲಿರುವ ವಸ್ತುವಾದ್ದರಿಂದ ಪೌಡರ್ ಕೂಡ ಯಾವುದೋ ಪ್ರಾಣಿಯಿಂದ ಬಂದದ್ದು ಎಂಬ ಅನುಮಾನ. ಮಾರುಕಟ್ಟೆಯ ಕ್ರಿಯಾಟಿನ್ ಮೊನೊಹೈಡ್ರೇಟ್ ಕಾರ್ಖಾನೆಯಲ್ಲಿ ಸಾರ್ಕೋಸಿನ್, ಸಯನಮೈಡ್ ಎಂಬ ರಾಸಾಯನಿಕಗಳಿಂದ ತಯಾರಾಗುತ್ತದೆ, ಪ್ರಾಣಿಯಿಂದ ಅಲ್ಲ. ಅನುಮಾನ ಪಡಬೇಕಾದ್ದು ಕ್ಯಾಪ್ಸೂಲ್ ಬಗ್ಗೆ. ಅದರ ಹೊರಚಿಪ್ಪು ಜೆಲಾಟಿನ್ ಆಗಿರಬಹುದು, ಅದು ಯಾವ ಪ್ರಾಣಿಯದ್ದು ಎಂದು ಡಬ್ಬಿಯ ಮೇಲೆ ಇರುವುದೇ ಅಪರೂಪ. ಹಸಿರು ಗುರುತಿರುವ, ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆಯಿರುವ, ಬರೀ ಕ್ರಿಯಾಟಿನ್ ಮೊನೊಹೈಡ್ರೇಟ್ ಎಂದು ಒಂದೇ ಪದಾರ್ಥ ಬರೆದಿರುವ ಪೌಡರ್ ಸಾಕು. 'ಪ್ರೀ ವರ್ಕೌಟ್' ಎಂದು ಮಾರುವ ಮಿಶ್ರಣಗಳಲ್ಲಿ ಕೆಫೀನ್ ತುಂಬಿರುತ್ತದೆ. ರಾತ್ರಿ ಹನ್ನೊಂದಕ್ಕೆ ಅದನ್ನು ಕುಡಿದವನು ಸಹರಿವರೆಗೆ ಕಣ್ಣು ಬಿಟ್ಟುಕೊಂಡೇ ಇರುತ್ತಾನೆ.

ಬರೀ ಡಯಟ್‌ಗಾಗಿ 16 ಗಂಟೆ ಬಿಟ್ಟು 8 ಗಂಟೆಯೊಳಗೆ ತಿನ್ನುವವರಿಗೆ ಇಷ್ಟೆಲ್ಲ ತಲೆಬಿಸಿ ಇಲ್ಲ. ಅಲ್ಲಿ ನೀರಿಗೆ ತಡೆಯಿಲ್ಲ. ಮಧ್ಯಾಹ್ನ 12ರಿಂದ ರಾತ್ರಿ 8ರೊಳಗೆ ತಿನ್ನುವವನು ಯಾವ ಊಟದ ಜತೆಯಾದರೂ ತಗೊಳ್ಳಲಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜತೆ ತಗೊಂಡರೂ ಅದರಲ್ಲಿ ಲೆಕ್ಕಕ್ಕೆ ಬರುವ ಕ್ಯಾಲೊರಿ ಇಲ್ಲ, ಸಕ್ಕರೆ ಬೆರೆಸಿರಬಾರದು ಅಷ್ಟೆ. ನಮ್ಮ ನೋಂಬಿಗೆ ಆ ವಿನಾಯಿತಿ ಇಲ್ಲ. ಕ್ಯಾಲೊರಿ ಇರಲಿ ಇಲ್ಲದಿರಲಿ, ಹಗಲು ಬಾಯಿಂದ ನುಂಗಿದ್ದು ನುಂಗಿದ್ದೇ. ಇಂಟರ್‌ನೆಟ್‌ನಲ್ಲಿ "ಕ್ರಿಯಾಟಿನ್ ಫಾಸ್ಟಿಂಗ್ ಮುರಿಯುವುದಿಲ್ಲ" ಎಂದು ಬರೆದಿರುವುದು ಆ ಡಯಟ್ ಬಗ್ಗೆ. ಅದನ್ನು ಓದಿ ಗೊಂದಲಕ್ಕೆ ಬಿದ್ದವರನ್ನು ನಾನೇ ನೋಡಿದ್ದೇನೆ.

ಶವ್ವಾಲಿನ ಆರು ನೋಂಬು, ಸೋಮವಾರ ಗುರುವಾರದ ಸುನ್ನತ್ ನೋಂಬು ಹಿಡಿಯುವವರಿಗೆ ಲೆಕ್ಕ ಇನ್ನೂ ಸುಲಭ. ನೋಂಬಿನ ದಿನ ರಾತ್ರಿ ಊಟದ ಜತೆ, ಉಳಿದ ದಿನ ನಿಮಗೆ ಮರೆಯದ ಹೊತ್ತಿಗೆ. ಆ ಹುಡುಗ ಈಗ ಡಬ್ಬಿಯನ್ನು ರೂಮಿನಲ್ಲಿ ಅನ್ನದ ಪಾತ್ರೆಯ ಪಕ್ಕದಲ್ಲೇ ಇಟ್ಟಿದ್ದಾನೆ.